ಒರೆಸುವ ಮುನ್ನ ತೊಳೆಯಿರಿ

ಕೊಪ್ಪದಲ್ಲಿ ಹೊಗೆಸೊಪ್ಪು ಬೆಳೆಯುವ ನಮ್ಮ ಹಿರಿಯ ಬಂಧುಗಳೊಬ್ಬರಿಗೆ ಕಳೆದ ಹಂಗಾಮಿನಲ್ಲಿ ಒಂದು ಚಿಂತೆ ಹತ್ತಿತು. ರಾತ್ರಿ ಎದುರಿನಿಂದ ಬರುವ ವಾಹನದ ದೀಪ ಚದುರಿ, ದಾರಿಯೇ ಕಾಣದಂತಾಗುತ್ತಿತ್ತು. ಕಣ್ಣಿಗೆ ಪೊರೆ ಬಂದಿದೆಯೆಂದೇ ಅವರು ನಂಬಿದ್ದರು. ನೇತ್ರವೈದ್ಯರು ಪರೀಕ್ಷಿಸಿ, ಪೊರೆಯಿಲ್ಲವೆಂದು ತಿಳಿಸಿ, ಅವರ ಕನ್ನಡಕವನ್ನು ದೀಪದೆದುರು ಓರೆಯಾಗಿ ಹಿಡಿದು ತೋರಿಸಿದರು. ಮಸೂರಗಳ ನಡುಭಾಗದಲ್ಲಿ ಸುತ್ತುಸುತ್ತಾಗಿ ಅಸಂಖ್ಯ ಸಣ್ಣ ಗೀರುಗಳು ಹೊಳೆಯುತ್ತಿದ್ದವು. ಪ್ರತಿಯೊಂದು ಗೀರೂ ಬೆಳಕನ್ನು ಚದುರಿಸುತ್ತದೆ. ಹಗಲಿನಲ್ಲಿ ಅದು ಅಷ್ಟಾಗಿ ತಿಳಿಯದು. ಕತ್ತಲೆಯಲ್ಲಿ ಒಂದೇ ದೀಪ ಕಣ್ಣಿಗೆ ಬಡಿದಾಗ ತಿಳಿಯುತ್ತದೆ.

ಮನೆಗೆ ಬಂದೊಡನೆ ಮೊಮ್ಮಗನು ಹಲ್ಲುಜ್ಜುವ ಪೇಸ್ಟಿನಿಂದ ಉಜ್ಜಿದರೆ ಗೀರು ಹೋಗುವುದೆಂದು ಹೇಳಿ, ಉಜ್ಜಿಯೂ ಬಿಟ್ಟನು. ಕೆಲವು ಗೀರುಗಳು ಮಸುಕಾದುದು ನಿಜ. ಆದರೆ ಅಲ್ಲೆಲ್ಲ ಮಂಜು ಕವಿದಂತಾಯಿತು. ಇದರಲ್ಲಿ ಆಶ್ಚರ್ಯವಿಲ್ಲ. ಪೇಸ್ಟಿನಲ್ಲಿರುವುದು ಹಲ್ಲಿನ ಕೊಳೆ ತೆಗೆಯುವ ನುಣುಪಾದ ಉಜ್ಜುಪುಡಿ. ಅದು ಗೀರನ್ನು ತುಂಬುವುದಿಲ್ಲ. ಸುತ್ತಲಿನ ಮೇಲ್ಮೈಯನ್ನು ಸವೆಸುತ್ತದೆ. ನಾವು ರೂಢಿಯಿಂದ ಗಾಜು ಎಂದರೂ ಇಂದಿನ ಕನ್ನಡಕದ ಮಸೂರ ಬಹುಪಾಲು ಪ್ಲಾಸ್ಟಿಕ್. ಅದರ ಮೇಲೆ ಕೂದಲೆಳೆಗಿಂತಲೂ ಎಷ್ಟೋ ಪಟ್ಟು ತೆಳುವಾದ, ಕೆಲವೇ ಮೈಕ್ರಾನ್ ದಪ್ಪದ ಗಡಸು ಲೇಪನವಿರುತ್ತದೆ. ಉಜ್ಜಿದರೆ ಹೋಗುವುದು ಆ ಲೇಪನವೇ. ಇನ್ನೂ ಆಳಕ್ಕೆ ಸವೆಸಿದರೆ ಮೇಲ್ಮೈಯ ಬಾಗು ಅಲ್ಲಲ್ಲಿ ಏರುಪೇರಾಗುತ್ತದೆ. ಮಸೂರದ ಶಕ್ತಿಯೆಲ್ಲ ಆ ಬಾಗಿನಲ್ಲೇ ಇರುವುದರಿಂದ ನೋಟವೂ ಕೆಡುತ್ತದೆ. ಆದುದರಿಂದ ನನ್ನ ಅಭಿಪ್ರಾಯ ಸ್ಪಷ್ಟ: ಗೀರು ತೆಗೆಯುವ ಮದ್ದನ್ನು ಹುಡುಕುವುದು ವ್ಯರ್ಥ. ನೋಟಕ್ಕೆ ಅಡ್ಡಿಯಾದರೆ ಚೌಕಟ್ಟನ್ನು ಉಳಿಸಿಕೊಂಡು ಮಸೂರವನ್ನು ಬದಲಿಸುವುದೊಂದೇ ದಾರಿ.

ಹಾಗಾದರೆ ಆ ಗೀರುಗಳು ಬಂದುದೆಲ್ಲಿಂದ? ನಮ್ಮ ಬಂಧುಗಳು ಬ್ಯಾರನ್ನಿನ ಒಲೆಗೆ ಸೌದೆಯೊಡ್ಡಿ, ಕನ್ನಡಕದ ಮೇಲೆ ಕುಳಿತ ಬೂದಿಯನ್ನು ಹೆಗಲ ಟವೆಲಿನಿಂದ ಒಣಗಿದಂತೆಯೇ ಒರೆಸುತ್ತಿದ್ದರು. ಬೂದಿಯಿಂದ ಪಾತ್ರೆ ಬೆಳಗುವುದನ್ನು ಬಲ್ಲ ನಮಗೆ ಅದರ ಗುಣವನ್ನು ಹೇಳಬೇಕಾಗಿಲ್ಲ. ಹೊಲದ ಧೂಳಿನಲ್ಲಿ ಮರಳಿನ ಕಣಗಳಿರುತ್ತವೆ. ಅವು ಪ್ಲಾಸ್ಟಿಕ್ಕಿಗಿಂತ ಬಹಳ ಗಡಸು. ಬಟ್ಟೆ ಎಷ್ಟೇ ಮೃದುವಾಗಿರಲಿ, ಅದು ಕಣವನ್ನು ಮಸೂರದ ಮೇಲೆ ಎಳೆದಾಡುತ್ತದೆ. ವಿಭೂತಿಯೂ ಭಸ್ಮವೇ ಆದುದರಿಂದ, ಧರಿಸುವಾಗ ಕನ್ನಡಕವನ್ನು ತೆಗೆದಿಟ್ಟು, ಬೆರಳುಗಳನ್ನು ತೊಳೆದ ಮೇಲೆ ಹಾಕಿಕೊಳ್ಳುವುದು ಲೇಸು. ಹಣೆಯಿಂದ ಉದುರಿದ ಕಣವನ್ನು ಸೆರಗಿನಿಂದ ಒರೆಸಬಾರದು.

ಸರಿಯಾದ ಕ್ರಮ ಸರಳವಾಗಿದೆ. ಮೊದಲು ಹರಿಯುವ ತಣ್ಣೀರಿನಲ್ಲಿ ಕನ್ನಡಕವನ್ನು ಹಿಡಿದು ಕಣಗಳನ್ನು ಇಳಿಸಬೇಕು. ಬಳಿಕ ಪಾತ್ರೆ ತೊಳೆಯುವ ಸೌಮ್ಯವಾದ ದ್ರವದ ಒಂದು ಹನಿಯನ್ನು ಬೆರಳ ತುದಿಗೆ ಹಚ್ಚಿ ಎರಡೂ ಬದಿಗಳನ್ನು ಮೆಲ್ಲನೆ ಸವರಿ, ಮತ್ತೆ ತೊಳೆದು ನೀರನ್ನು ಕೊಡವಬೇಕು. ಕೊನೆಗೆ ಒಗೆದ ಮೃದುವಾದ ಹತ್ತಿಬಟ್ಟೆಯಿಂದ ಒತ್ತಿ ತೇವ ತೆಗೆಯಬೇಕು. ಅಂಗಡಿಯವರು ಕೊಡುವ ನವಿರಾದ ಬಟ್ಟೆಯನ್ನೂ ಆಗಾಗ ಒಗೆಯದಿದ್ದರೆ ಅದೇ ಧೂಳಿನ ಚೀಲವಾಗುತ್ತದೆ. ತೆಗೆದಿಡುವಾಗ ಮಸೂರ ಕೆಳಮುಖವಾಗಿರಬಾರದು, ಪೆಟ್ಟಿಗೆಯಲ್ಲಿಡುವುದು ಉತ್ತಮ.

ಲೇಪನಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೊಸ ಮಸೂರ ಕೊಳ್ಳುವಾಗ ಎರಡೂ ಬದಿಗೆ ಗಡಸು ಲೇಪನವಿದೆಯೇ ಎಂದು ಕೇಳಿಕೊಳ್ಳಬೇಕು. ಆ ಹಣ ವ್ಯರ್ಥವಲ್ಲ. ಆದರೆ ಲೇಪನವು ಗೀರನ್ನು ತಡಮಾಡುತ್ತದೆಯೇ ಹೊರತು ಸಂಪೂರ್ಣವಾಗಿ ತಡೆಯುವುದಿಲ್ಲ. ಅದಕ್ಕೆ ಬಿಸಿಯೂ ಶತ್ರು. ಸೊಪ್ಪಿನ ದಂಟು ಒಣಗುವ ಕೊನೆಯ ಹಂತದಲ್ಲಿ ಬ್ಯಾರನ್ನಿನೊಳಗೆ ಸುಮಾರು 70 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಿರುತ್ತದೆ. ಅಂಥ ಬಿಸಿಗೆ ಪ್ಲಾಸ್ಟಿಕ್ ಹಿಗ್ಗುವಷ್ಟು ಪ್ರತಿಫಲನ ತಡೆಯುವ ಲೇಪನ ಹಿಗ್ಗದೆ ಬಿರಿಯುತ್ತದೆ. ಒಣಗಿದ ಕೆರೆಯಂಗಳದ ಬಿರುಕಿನಂತೆ ಬಲೆಬಲೆಯಾಗಿ ಕಂಡರೆ ಅದು ಬಿಸಿಯ ಪೆಟ್ಟು. ಬಿಡಿಗೆರೆಗಳಾಗಿ ಕಂಡರೆ ಒರೆಸಿದ ಗುರುತು. ಒಲೆಯ ಬಳಿಯಲ್ಲಾಗಲಿ, ಬಿಸಿಲಿನಲ್ಲಿ ನಿಂತ ವಾಹನದೊಳಗಾಗಲಿ ಕನ್ನಡಕವನ್ನು ಬಿಡಬಾರದು.

ಗೀರು ಬಿದ್ದ ಕನ್ನಡಕದಿಂದ ಕಣ್ಣಿನ ದೋಷ ಹೆಚ್ಚುವುದಿಲ್ಲ. ಆದರೆ ದೀಪ ಚದುರಿದಂತೆ ಕಂಡುದನ್ನೆಲ್ಲ ಗೀರಿನ ತಲೆಗೆ ಕಟ್ಟುವುದೂ ಅಪಾಯ. ಕನ್ನಡಕವನ್ನು ಚೆನ್ನಾಗಿ ತೊಳೆದು ದೀಪದೆದುರು ಹಿಡಿದು ನೋಡಬೇಕು. ಮಸೂರ ಶುಭ್ರವಾಗಿದ್ದೂ ತೊಂದರೆ ಉಳಿದರೆ ಅದು ನಿಜವಾಗಿಯೂ ಪೊರೆಯಿರಬಹುದು. ನೇತ್ರವೈದ್ಯರನ್ನು ಕಾಣಲು ತಡಮಾಡಬಾರದು.

ನಮ್ಮ ಬಂಧುಗಳು ಹಳೆಯ ಚೌಕಟ್ಟಿಗೇ ಹೊಸ ಮಸೂರ ಹಾಕಿಸಿಕೊಂಡರು. ಈಗ ಬ್ಯಾರನ್ನಿನಿಂದ ಬಂದವರು ಮೊದಲು ನಲ್ಲಿಯ ಬಳಿಗೆ ಹೋಗುತ್ತಾರೆ. ಟವೆಲು ಹೆಗಲ ಮೇಲೆಯೇ ಇರುತ್ತದೆ.