ಕಾಣದ ಸ್ಪೇಸಿಗೆ ಬರೆದವರು ಹೊಣೆಯೆ?

ಮಾರ್ಕ್‌ಡೌನ್‌ನಲ್ಲಿ ಬರೆದ ಶೀರ್ಷಿಕೆ ಶೀರ್ಷಿಕೆಯಾಗದೆ, `#ಮುನ್ನುಡಿ` ಎಂದು ಚಿಹ್ನೆಯ ಸಮೇತ ಉಳಿದುಬಿಟ್ಟರೆ, ತಪ್ಪು ಬರೆದವರದೆಂದು ತೀರ್ಪು ಕೊಡುವುದು ರೂಢಿ. ಈ ತೀರ್ಪನ್ನು ನಾವು ಒಪ್ಪೆವು. 2004ರಲ್ಲಿ ಜಾನ್ ಗ್ರೂಬರ್ ಹೊರತಂದ ಮೊದಲ ಮಾರ್ಕ್‌ಡೌನ್, ಚಿಹ್ನೆಯ ನಂತರ ಸ್ಪೇಸ್ ಇಲ್ಲದಿದ್ದರೂ ಅದನ್ನು ಶೀರ್ಷಿಕೆಯೆಂದೇ ಓದುತ್ತಿತ್ತು. ಸ್ಪೇಸನ್ನು ಕಡ್ಡಾಯ ಮಾಡಿದ್ದು ಮುಂದೆ ಬಂದ ಕಾಮನ್‌ಮಾರ್ಕ್. ಹ್ಯಾಶ್‌ಟ್ಯಾಗುಗಳು ಶೀರ್ಷಿಕೆಯಾಗಿಬಿಡಬಾರದೆಂಬ ಕಾರಣ ನ್ಯಾಯವಾದುದೇ. ಆದರೆ ಹಳೆಯ ರೂಢಿಯಲ್ಲಿ ಬರೆದವರಿಗೆ ಎಚ್ಚರಿಕೆಯ ಒಂದು ಮಾತೂ ಇಲ್ಲ.

ಒಳಪಟ್ಟಿಯ ಪಾಡು ಇನ್ನೂ ವಿಚಿತ್ರ.

```
9. ಪತ್ರಗಳು
   - ಕರಡು
10. ಟಿಪ್ಪಣಿಗಳು
   - ಕರಡು
```

ಎರಡು ‘ಕರಡು’ಗಳ ಮುಂದೆಯೂ ಮೂರೇ ಸ್ಪೇಸ್. ಕಾಮನ್‌ಮಾರ್ಕ್‌ನ ಪ್ರಕಾರ ಒಳಸಾಲಿನ ಗೆರೆಚಿಹ್ನೆ, ಮೇಲಿನ ಸಾಲಿನ ಪದ ಆರಂಭವಾಗುವ ನೇರಕ್ಕಾದರೂ ಬರಬೇಕು. ಒಂಬತ್ತಕ್ಕೆ ಮೂರು ಸಾಕು. ಹತ್ತಕ್ಕೆ ಅಂಕಿಯೊಂದು ಹೆಚ್ಚಿರುವುದರಿಂದ ನಾಲ್ಕು ಬೇಕು. ಆದ್ದರಿಂದ ಎರಡನೆಯ ‘ಕರಡು’ ಹೊರಬಿದ್ದು ಬೇರೆಯೇ ಪಟ್ಟಿಯಾಗುತ್ತದೆ. ಅಚ್ಚುಕಟ್ಟಾಗಿ ಸಾಲು ಹೊಂದಿಸಿದವರಿಗೇ ಶಿಕ್ಷೆ!

ಟ್ಯಾಬ್ ಬೆರೆತರಂತೂ ಕಣ್ಣೇ ಸುಳ್ಳಾಗುತ್ತದೆ. ಸಾಲಿನ ಮೊದಲಲ್ಲಿರುವ ಟ್ಯಾಬನ್ನು ಕಾಮನ್‌ಮಾರ್ಕ್ ನಾಲ್ಕು ಸ್ಪೇಸಿನಷ್ಟು ಎಣಿಸುತ್ತದೆ. ಎಡಿಟರ್ ಅದನ್ನು ಎರಡರಷ್ಟೇ ಅಗಲವಾಗಿ ತೋರಿಸುತ್ತಿದ್ದರೆ, ಒಂಬತ್ತರ ಕೆಳಗೆ ಟ್ಯಾಬ್ ಒತ್ತಿದ ಸಾಲೂ ಎರಡು ಸ್ಪೇಸಿನ ಸಾಲೂ ಪರದೆಯ ಮೇಲೆ ಒಂದೇ. ಪುಟದಲ್ಲಿ ಮೊದಲನೆಯದು ಒಳಗೆ, ಎರಡನೆಯದು ಹೊರಗೆ. ಕಾಣದ ವ್ಯತ್ಯಾಸವನ್ನು ಕರಡು ತಿದ್ದುವವರು ಹಿಡಿಯುವುದಾದರೂ ಹೇಗೆ?

ನಾವು ಕೇಳುವುದಿಷ್ಟೇ: ಒತ್ತಿದ ಟ್ಯಾಬನ್ನು ಎಡಿಟರ್ ತಾನೇ ನಾಲ್ಕು ಸ್ಪೇಸಾಗಿಸಲಿ. ತೊಂಬತ್ತೊಂಬತ್ತರವರೆಗಿನ ಪಟ್ಟಿಯ ಮೊದಲ ಒಳಹಂತಕ್ಕೆ ಅದು ಸಾಕು. ನೂರನೆಯ ಸಾಲಿಗೆ ಐದು ಬೇಕಾಗುತ್ತದೆ. ಅಷ್ಟುದ್ದದ ಪಟ್ಟಿ ಮಾಡುವವರು ನಮ್ಮನ್ನು ಕ್ಷಮಿಸಲಿ.