ಸಂಬಳ ಏರಿದ್ದು ಆರು ಸಾವಿರ, ಕೈಗೆ ಬಂದದ್ದು?

ನಮ್ಮಕ್ಕ ಬೆಂಗಳೂರಿನ ಒಂದು ಕಂಪನಿಗೆ ಸೇರಿದಾಗ ಆರು ತಿಂಗಳು ಪ್ರೊಬೇಷನ್. ತಿಂಗಳಿಗೆ 22,000 ರೂಪಾಯಿ, ಯಾವ ಕಡಿತವೂ ಇಲ್ಲ. ಕನ್ಫರ್ಮೇಷನ್ ಪತ್ರ ಬಂದ ದಿನ ‘ಇನ್ನು ಮೇಲೆ 28,000’ ಎಂದು ಮನೆಗೆ ಫೋನ್ ಮಾಡಿದಳು. ಅಮ್ಮ ಪಾಯಸ ಮಾಡಿದ್ದರು. ಮುಂದಿನ ತಿಂಗಳು ಖಾತೆಗೆ ಬಂದದ್ದು 23,767. ಹೆಚ್ಚಿದ್ದು 1,767 ರೂಪಾಯಿ ಮಾತ್ರ!

ಇಬ್ಬರೂ ಕೂತು ಪೇಸ್ಲಿಪ್ ಬಿಡಿಸಿ ನೋಡಿದೆವು. 28,000 ಎಂಬುದು ಸಂಬಳವಲ್ಲ, ಸಿಟಿಸಿ. ಅಂದರೆ ಅಕ್ಕನಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು. ಅವಳ ಮೂಲ ವೇತನ 14,000. ಅದರ ಶೇ 12ರಷ್ಟು, ಅಂದರೆ 1,680 ರೂಪಾಯಿ, ಕಂಪನಿ ಕಟ್ಟುವ ಪಿಎಫ್. ಗ್ರಾಚ್ಯುಟಿಗೆಂದು 673. ಇವೆರಡೂ ಸಿಟಿಸಿಯ ಒಳಗೇ ಸೇರಿದ್ದವು. ಉಳಿದ 25,647 ರೂಪಾಯಿಯಲ್ಲಿ ಅಕ್ಕನ ಪಾಲಿನ ಪಿಎಫ್ ಮತ್ತೆ 1,680 ಹೋಯಿತು. ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ಮುಟ್ಟಿದರೆ ವೃತ್ತಿ ತೆರಿಗೆ ಇದೆ, ಅದು 200.

ಪಿಎಫ್ ಕಡಿತದ ಬಗ್ಗೆ ನನಗೆ ಬೇಸರವಿಲ್ಲ. ಅದು ಅಕ್ಕನದೇ ಉಳಿತಾಯ, ಕಂಪನಿಯ ಪಾಲಿನಲ್ಲಿ ಒಂದಷ್ಟು ಅವಳ ಪಿಂಚಣಿಗೂ ಹೋಗುತ್ತದೆ. ನನ್ನ ತಕರಾರು ಆ ಮೊದಲ ಆರು ತಿಂಗಳ ಬಗ್ಗೆ. ‘ಪ್ರೊಬೇಷನ್‌ನಲ್ಲಿ ಪಿಎಫ್ ಇರುವುದಿಲ್ಲ’ ಎಂದು ಎಚ್‌ಆರ್ ಹೇಳಿದ್ದನ್ನು ಅವಳು ನಂಬಿದ್ದಳು. ಆದರೆ 20 ಅಥವಾ ಹೆಚ್ಚು ನೌಕರರಿರುವ, ಪಿಎಫ್ ವ್ಯಾಪ್ತಿಗೆ ಬರುವ ಸಂಸ್ಥೆಯಲ್ಲಿ 15,000ದೊಳಗಿನ ಮೂಲ ವೇತನಕ್ಕೆ ಸೇರಿದವರಿಗೆ ಮೊದಲ ದಿನದಿಂದಲೇ ಪಿಎಫ್ ಸಲ್ಲಬೇಕು. ವಿನಾಯಿತಿ ಇರುವುದು ಕಾನೂನು ಪ್ರಕಾರ ಅಪ್ರೆಂಟಿಸ್ ಆದವರಿಗೆ, ಪ್ರೊಬೇಷನ್‌ನಲ್ಲಿರುವವರಿಗಲ್ಲ. ಆಗ ಅಕ್ಕನ ಮೂಲ ವೇತನ 11,000 ಇತ್ತು. ಕಂಪನಿ ತನ್ನ ಪಾಲೆಂದು ತಿಂಗಳಿಗೆ 1,320ರಂತೆ ಆರು ತಿಂಗಳಿಗೆ 7,920 ರೂಪಾಯಿ ಕಟ್ಟಬೇಕಿತ್ತು. ಕಟ್ಟಲಿಲ್ಲ. ‘ಕಡಿತವಿಲ್ಲದ ಸಂಬಳ’ ಎಂದು ನಾವು ಖುಷಿಪಟ್ಟದ್ದು ಅದಕ್ಕೇ.

ಇನ್ನೊಂದು ವರ್ಷಕ್ಕೆ ನಾನೂ ಕ್ಯಾಂಪಸ್ ಸಂದರ್ಶನಕ್ಕೆ ಕೂರುವವನು. ಆಫರ್ ಲೆಟರ್‌ಗೆ ಸಹಿ ಹಾಕುವ ಮುನ್ನ ಮೂರು ಪ್ರಶ್ನೆ ಕೇಳಲು ತೀರ್ಮಾನಿಸಿದ್ದೇನೆ. ಪ್ರೊಬೇಷನ್‌ನಲ್ಲಿ ಪಿಎಫ್ ಇದೆಯೇ? ಕನ್ಫರ್ಮ್ ಆದ ಮೇಲೆ ಹೇಳುವ ಮೊತ್ತ ಸಿಟಿಸಿಯೋ, ಕಡಿತಕ್ಕೆ ಮುಂಚಿನ ಸಂಬಳವೋ? ಕೈಗೆ ಬರುವುದೆಷ್ಟು? ಉತ್ತರ ಇಮೇಲ್‌ನಲ್ಲೇ ಬರಲಿ. ಈಗಾಗಲೇ ಕೆಲಸದಲ್ಲಿರುವವರು ಯುಎಎನ್ ಬಳಸಿ ಪಿಎಫ್ ಪಾಸ್‌ಬುಕ್ ತೆರೆದು, ಮೊದಲ ಜಮಾ ಯಾವ ತಿಂಗಳದ್ದು ಎಂದು ನೋಡಲಿ. ಅದು ಸೇರಿದ ತಿಂಗಳದ್ದಲ್ಲದಿದ್ದರೆ ಎಚ್‌ಆರ್ ಬಳಿ ಕಾರಣ ಕೇಳುವುದು ಉದ್ಧಟತನವಲ್ಲ. ಅಕ್ಕ ಕೇಳಿದ್ದಾಳೆ, ಉತ್ತರಕ್ಕೆ ಕಾಯುತ್ತಿದ್ದೇವೆ.