ಗೋಪುರ ಕಂಡರೆ ಸಾಲದು

ಬೇಲೂರಿಗೆ ಹೋಗಿ ಬಂದವರ ಫೋಟೊಗಳಲ್ಲಿ ಎತ್ತರದ ಗೋಪುರವೊಂದು ಇದ್ದೇ ಇರುತ್ತದೆ. ಅದರ ಕೆಳಗೆ 'ಹೊಯ್ಸಳ ಶಿಲ್ಪಕಲೆ' ಎಂದು ಬರೆದಿರುತ್ತಾರೆ. ಆದರೆ ಅದು ವಿಜಯನಗರ ಕಾಲದ ಹೆಬ್ಬಾಗಿಲು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ಗುಡಿ ಒಳಗಡೆ ಇದೆ, ಅದರ ಶಿಖರ ಈಗ ಉಳಿದಿಲ್ಲ. ಗೋಪುರವೋ ಶಿಖರವೋ ಎಂದು ಗುರುತಿಸಲು ಫೋಟೊದಲ್ಲಿ ಅದರ ತುದಿ ನೋಡಿ. ಬಾಗಿಲ ಮೇಲಿನ ಗೋಪುರದ ತಳ ಆಯತಾಕಾರ, ನೆತ್ತಿ ಕಮಾನುಗಾಡಿಯ ಚಾವಣಿಯಂತೆ ಉದ್ದಕ್ಕೆ ಬಾಗಿರುತ್ತದೆ, ಅಲ್ಲಿ ಕಲಶಗಳು ಸಾಲಾಗಿರುತ್ತವೆ. ಗರ್ಭಗುಡಿಯ ಮೇಲಿನ ಶಿಖರ ಮೇಲೇರುತ್ತ ಕಿರಿದಾಗಿ ಒಂದೇ ಕಲಶದಲ್ಲಿ ಮುಗಿಯುತ್ತದೆ. ಹೊಯ್ಸಳ ಶಿಖರ ನೋಡಬೇಕಾದರೆ ಸೋಮನಾಥಪುರದ ಗುಡಿಯ ಫೋಟೊ ನೋಡಿ, ಅಲ್ಲಿ ಮೂರಿವೆ. ಶಿಖರ ಚೌಕಟ್ಟಿನಾಚೆ ಉಳಿದಿದ್ದರೆ ಕಂಬ ಸಾಕ್ಷಿ ಹೇಳುತ್ತದೆ. ಬಳಪದ ಕಲ್ಲಿನ ಹೊಯ್ಸಳ ಕಂಬ ಸಾಮಾನ್ಯವಾಗಿ ಕಡೆದಂತೆ ದುಂಡಗಿದ್ದು, ಉಂಗುರದಂಥ ಗೆರೆಗಳು ಅದನ್ನು ಸುತ್ತಿರುತ್ತವೆ. ವಿಜಯನಗರದ ಮಂಟಪಗಳ ಗ್ರಾನೈಟ್ ಕಂಬಗಳಲ್ಲಿ ಮುಂಗಾಲೆತ್ತಿ ನಿಂತ ಯಾಳಿ ಕಾಣಬಹುದು. ಒಂದೇ ಅಂಗಳದಲ್ಲಿ ಎರಡೂ ಕಾಲದ ಕೆಲಸ ಇರಬಹುದಾದ್ದರಿಂದ ಇಡೀ ದೇವಾಲಯಕ್ಕೆ ಒಂದೇ ಹೆಸರು ಹಚ್ಚದೆ, ಫೋಟೊದಲ್ಲಿ ಕಾಣುವ ಭಾಗಕ್ಕೆ ಮಾತ್ರ ಕಾಲ ಬರೆಯಿರಿ.